ಖಾಲಿ ಕಡಾಯಿ ಅಗ್ಗ, ಬೆಣ್ಣೆ ಅಗ್ಗ ಅಲ್ಲ ಸ್ವಾಮಿ!

ತಿರುಪತಿ ಲಡ್ಡಿನ ಗಲಾಟೆ ಎದ್ದಾಗಿನಿಂದ ಒಂದು ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬಸ್ಸಲ್ಲಿ ಕೇಳಿದ್ದೀನಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೀನಿ, ನಮ್ಮ ಕೊರವಂಗಲದ ಡೈರಿಗೆ ಹಾಲು ಹಾಕಿ ಕ್ಯಾನು ತೊಳೀತಾ ನಿಂತವರ ಬಾಯಲ್ಲೂ ಕೇಳಿದ್ದೀನಿ. "ಅಲ್ಲಾ, ಕೆಎಂಎಫ್‌ನೋರು 2023ರಲ್ಲಿ ಯಾಕೆ ಹಂಗೆ ಹಠ ಮಾಡಿದ್ರು? ಫ್ಯಾಕ್ಟರಿ ಇದೆ, ಮೆಷಿನ್ ಇದೆ, ಸಂಬಳ ಹೆಂಗಿದ್ರೂ ಕೊಡ್ತಾರೆ. ಬಂದಷ್ಟಕ್ಕೆ ತುಪ್ಪ ಕೊಟ್ಟಿದ್ರೆ ಏನು ಗಂಟು ಹೋಗ್ತಿತ್ತು?"

ಇದಕ್ಕೆ ಉತ್ತರ ಕೊಡೋರು ಇನ್ನೊಂದು ಗುಂಪು. ಅವರದ್ದು ಇನ್ನೂ ಸುಲಭದ ವಾದ. "ಕಾಸ್ಟ್ ಶೀಟ್‌ಗಿಂತ ಕಡಿಮೆಗೆ ಮಾರಿದರೆ ಲಾಸ್. ಲಾಸ್‌ಗೆ ಯಾರಾದರೂ ವ್ಯಾಪಾರ ಮಾಡ್ತಾರಾ?" ಅಲ್ಲಿಗೆ ಮಾತು ಮುಗೀತು.

ನನ್ನ ತಕರಾರು ಇಬ್ಬರ ಮೇಲೂ ಇದೆ. ಮೊದಲನೆಯವರು ಇನ್ಕ್ರಿಮೆಂಟಲ್ ಕಾಸ್ಟಿಂಗ್ ಅನ್ನೋ ಒಳ್ಳೆಯ ಲೆಕ್ಕವನ್ನು ಅರ್ಧ ಕಲಿತು ಅದರ ಮಾನ ಕಳೀತಿದ್ದಾರೆ. ಎರಡನೆಯವರು ಅದನ್ನು ಕಲಿಯೋಕ್ಕೇ ತಯಾರಿಲ್ಲ. ಕಾಸ್ಟ್ ಶೀಟ್ ಜೊತೆ ಏಗೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಸುಮ್ಮನಿರಕ್ಕೆ ಆಗ್ತಿಲ್ಲ. ಸ್ವಲ್ಪ ಉದ್ದ ಆಗತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ :)

ಮೊದಲು ನಡೆದಿದ್ದೇನು ಅಂತ ನೆನಪು ಮಾಡಿಕೊಳ್ಳೋಣ. 2023ರ ಜುಲೈ ಕೊನೆಯಲ್ಲಿ, ಆಗ ಕೆಎಂಎಫ್ ಅಧ್ಯಕ್ಷರಾಗಿದ್ದ ಭೀಮಾ ನಾಯ್ಕ್ ಅವರು ತಿರುಪತಿಗೆ ಈ ಸಲ ನಂದಿನಿ ತುಪ್ಪ ಹೋಗಲ್ಲ, ಅಷ್ಟು ಕಡಿಮೆ ದರಕ್ಕೆ ಕೊಡೋಕ್ಕೆ ನಮ್ಮಿಂದ ಆಗಲ್ಲ ಅಂದರು. ಅದೇ ಆಗಸ್ಟ್ 1ರಿಂದ ಹಾಲಿನ ದರ ಲೀಟರಿಗೆ 3 ರೂಪಾಯಿ ಏರಿತು. ಟಿಟಿಡಿ ಬೇರೆಯವರಿಂದ ಕಡಿಮೆ ದರಕ್ಕೆ ಕೊಂಡಿತು. 2024ರಲ್ಲಿ ನಂದಿನಿ ಮತ್ತೆ ತಿರುಪತಿಗೆ ಹೊರಟಿತು. ಆ ಸೆಪ್ಟೆಂಬರಿನಲ್ಲಿ ಕಲಬೆರಕೆಯ ವಿವಾದ ಎದ್ದು ದೇಶವೆಲ್ಲ ಮಾತಾಡಿತು, ಕೆಜಿಗೆ 320 ರೂಪಾಯಿ ಆಸುಪಾಸಿನ ತುಪ್ಪದ ವಿಷಯ ಆಚೆ ಬಂತು. ಇದಿಷ್ಟು ಎಲ್ಲರಿಗೂ ಗೊತ್ತಿರೋದೇ. ರಾಜಕೀಯ, ಭಕ್ತಿ ಎರಡನ್ನೂ ಪಕ್ಕಕ್ಕಿಟ್ಟು ಬರೀ ತುಪ್ಪದ ಲೆಕ್ಕಕ್ಕೆ ಬರೋಣ.

ಖಾಲಿ ಕೂತ ಮೆಷಿನ್ನಿನ ಲೆಕ್ಕದ ನಿಯಮ ಇಷ್ಟೇ. ನಿಮ್ಮ ಮಾಮೂಲಿ ಗಿರಾಕಿಗಳಿಗೆ ಮಾಡಿಕೊಟ್ಟ ಮೇಲೂ ಫ್ಯಾಕ್ಟರಿಯಲ್ಲಿ ಕೆಲಸವಿಲ್ಲದ ಹೊತ್ತು ಉಳಿದಿದೆ. ಆಗ ಹೊಸಬನೊಬ್ಬ ಬಂದು ದೊಡ್ಡ ಆರ್ಡರ್ ಕೊಡ್ತೀನಿ, ಆದರೆ ರೇಟು ಕಡಿಮೆ ಅಂತಾನೆ. ಆ ಆರ್ಡರ್ ಒಪ್ಪಿಕೊಂಡರೆ ಹೊಸದಾಗಿ ಎಷ್ಟು ದುಡ್ಡು ಕೈ ಬಿಡತ್ತೆ, ಎಷ್ಟು ಬರತ್ತೆ, ಅಷ್ಟನ್ನೇ ನೋಡಬೇಕು. ಕಾಯಂ ನೌಕರರ ಸಂಬಳ, ಕಟ್ಟಡದ ಸವಕಳಿ, ಬ್ಯಾಂಕಿನ ಬಡ್ಡಿ, ಇವೆಲ್ಲ ಆರ್ಡರ್ ಒಪ್ಪಿದರೂ ಇರತ್ತೆ, ಬಿಟ್ಟರೂ ಇರತ್ತೆ. ಹಾಗಾಗಿ ಅವು ಈ ತೀರ್ಮಾನದೊಳಗೆ ಬರೋ ಹಾಗಿಲ್ಲ. ರಾತ್ರಿ ಖಾಲಿ ಹೋಗೋ ಬಸ್ಸಿಗೆ ಅರ್ಧ ಟಿಕೆಟ್ಟಿನವನು ಸಿಕ್ಕರೂ ಡ್ರೈವರ್ ಹತ್ತಿಸಿಕೊಳ್ಳಲ್ವಾ, ಅದೇ ಲೆಕ್ಕ.

ಈಗ ತುಪ್ಪಕ್ಕೆ ಇದನ್ನು ಹಾಕಿ ನೋಡೋಣ. ಮುಂದೆ ಕೊಡೋ ಅಂಕಿಗಳು ಯಾವ ಒಕ್ಕೂಟದ ಪುಸ್ತಕದಿಂದಲೂ ತೆಗೆದದ್ದಲ್ಲ. ಲೆಕ್ಕ ಅರ್ಥ ಆಗಲಿ ಅಂತ ನಾನೇ ದುಂಡಗೆ ಹಾಕಿಕೊಂಡಿದ್ದು. ಹಾಸನದ ಕಡೆಯ ಒಂದು ಡೈರಿ ಅಂದ್ಕೊಳ್ಳಿ. ತುಪ್ಪ ಕಾಯಿಸೋ ದೊಡ್ಡ ಸ್ಟೀಲ್ ಪಾತ್ರೆಗಳಿವೆ, ನಾನು ಸುಮ್ಮನೆ ಕಡಾಯಿ ಅಂತೀನಿ. ದಿನಕ್ಕೆ 10 ಟನ್ ಕಾಯಿಸಬಹುದು, ಮಾಮೂಲಿ ವ್ಯಾಪಾರಕ್ಕೆ 6 ಟನ್ ಸಾಕು. 4 ಟನ್ನಿನ ಜಾಗ ಖಾಲಿ. ಒಂದು ದೊಡ್ಡ ದೇವಸ್ಥಾನದವರು 100 ಟನ್ ಕೇಳ್ತಾರೆ, ಕೆಜಿಗೆ 485 ರೂಪಾಯಿ ಕೊಡ್ತೀವಿ ಅಂತಾರೆ. ಖಾಲಿ ಜಾಗದಲ್ಲೇ 25 ದಿನಕ್ಕೆ ಕೆಲಸ ಮುಗಿಯತ್ತೆ, ಮಾಮೂಲಿ ಗಿರಾಕಿಗೆ ಒಂದು ಪ್ಯಾಕೆಟ್ಟೂ ತಪ್ಪಲ್ಲ.

ಡೈರಿಯ ಕಾಸ್ಟ್ ಶೀಟ್ ಹೀಗಿದೆ ಅನ್ನೋಣ. ಒಂದು ಕೆಜಿ ತುಪ್ಪಕ್ಕೆ ಸುಮಾರು 1.23 ಕೆಜಿ ಬಿಳಿ ಬೆಣ್ಣೆ ಬೇಕು. ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ 82ರ ಹತ್ತಿರ, ಮಿಕ್ಕಿದ್ದು ಬಹುಪಾಲು ನೀರು. ತಳದಲ್ಲಿ ಗಸಿಯ ಜೊತೆ ಸ್ವಲ್ಪ ಜಿಡ್ಡು ಹೋಗತ್ತೆ. ಬೆಣ್ಣೆ ಕೆಜಿಗೆ 360 ಅಂದರೆ ಅಲ್ಲಿಗೇ 443 ರೂಪಾಯಿ ಆಯ್ತು. ಉಗಿ ಮತ್ತು ಕರೆಂಟಿಗೆ 6, ದಿನಗೂಲಿಗೆ ಮತ್ತು ಲೋಡಿಂಗಿಗೆ 4, ಪ್ಯಾಕೆಟ್ ಮತ್ತು ಡಬ್ಬಕ್ಕೆ 14. ಇದರ ಮೇಲೆ ಕಾಯಂ ಸಂಬಳ 15, ಸವಕಳಿ ಮತ್ತು ಬಡ್ಡಿ 12, ಜಾಹೀರಾತು ಮತ್ತು ಹೆಡ್ ಆಫೀಸಿನ ಪಾಲು 18. ಒಟ್ಟು 512.

ಎರಡನೇ ಗುಂಪಿನ ನಮ್ಮ ಯಜಮಾನರು ಇಲ್ಲಿಗೆ ನಿಲ್ಲಿಸ್ತಾರೆ. 512ಕ್ಕೆ ಬೀಳೋದನ್ನ 485ಕ್ಕೆ ಕೊಟ್ಟರೆ ಕೆಜಿಗೆ 27 ರೂಪಾಯಿ ಲಾಸ್, 100 ಟನ್ನಿಗೆ 27 ಲಕ್ಷ ಲಾಸ್, ಕಳಿಸು ಅವನನ್ನ ಆಚೆಗೆ!

ಸ್ವಲ್ಪ ನಿಲ್ಲಿ ಯಜಮಾನರೇ. ಆ ಆರ್ಡರ್ ಬಿಟ್ಟರೆ ಕಾಯಂ ನೌಕರರ ಸಂಬಳ ನಿಲ್ಲತ್ತಾ? ಬ್ಯಾಂಕಿನವನು ಬಡ್ಡಿ ಬಿಡ್ತಾನಾ? ಹೆಡ್ ಆಫೀಸು ಮುಚ್ಚತ್ತಾ? ಇಲ್ಲ ತಾನೇ? ಹಾಗಾದ್ರೆ ಆ 45 ರೂಪಾಯಿ ತೆಗೀರಿ. ತುಪ್ಪ ಹೋಗೋದು ಟ್ಯಾಂಕರಿನಲ್ಲಿ, ಪ್ಯಾಕೆಟ್ಟೂ ಬೇಡ ಡಬ್ಬವೂ ಬೇಡ, ಆ 14 ಕೂಡ ತೆಗೀರಿ. ಬದಲಿಗೆ ಟ್ಯಾಂಕರ್ ಬಾಡಿಗೆ ಮತ್ತು ಲ್ಯಾಬ್ ಪರೀಕ್ಷೆಗೆ 7 ಸೇರಿಸಿ. ಈ ಆರ್ಡರಿನಿಂದ ಹೊಸದಾಗಿ ಬೀಳೋ ಖರ್ಚು 460 ಮಾತ್ರ. 485ಕ್ಕೆ ಕೊಟ್ಟರೆ ಕೆಜಿಗೆ 25 ರೂಪಾಯಿ ಉಳೀತು, 100 ಟನ್ನಿಗೆ 25 ಲಕ್ಷ. ಯಜಮಾನರು 27 ಲಕ್ಷ ಉಳಿಸಿದೆ ಅಂದ್ಕೊಂಡು ಮನೆಗೆ ಹೋದರು. ನಿಜಕ್ಕೂ 25 ಲಕ್ಷ ಬಿಟ್ಟು ಹೋದರು. ವರ್ಷದ ಕೊನೆಯಲ್ಲಿ ಈ ನಷ್ಟ ಯಾವ ಪುಸ್ತಕದಲ್ಲೂ ಕಾಣಿಸಲ್ಲ, ಯಾಕೆಂದರೆ ಬಾರದೇ ಹೋದ ದುಡ್ಡಿಗೆ ಲೆಡ್ಜರಿನಲ್ಲಿ ಪುಟ ಇಲ್ಲ. ಅದಕ್ಕೇ ಈ ತಪ್ಪು ಮಾಡಿದವರಿಗೆ ಯಾವ ಆಡಿಟರೂ ಬೈಯಲ್ಲ.

ಇಲ್ಲಿಯವರೆಗೆ ಮೊದಲನೇ ಗುಂಪಿನವರು ಚಪ್ಪಾಳೆ ತಟ್ಟುತ್ತಿರಬೇಕು. ಈಗ ಅವರ ಸರದಿ.

ಮೇಲಿನ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಕಡಾಯಿ ಖಾಲಿ ಇದೆ ಅಂತ ನಮಗೆ ಸಿಕ್ಕ ರಿಯಾಯ್ತಿ ಎಷ್ಟು? 512ರಲ್ಲಿ 45. ನೂರಕ್ಕೆ 9 ಕೂಡ ಇಲ್ಲ. ಮಿಕ್ಕಿದ್ದು ಬಹುಪಾಲು ಬೆಣ್ಣೆ. ಕಡಾಯಿ ಖಾಲಿ ಕೂತಿದ್ರೆ ಕೂತಿರಲಿ, ಬೆಣ್ಣೆ ಯಾವತ್ತಾದರೂ ಖಾಲಿ ಕೂರತ್ತಾ? ಅದು ಹಾಲಿನಿಂದ ಬರಬೇಕು, ಹಾಲು ಹಸುವಿನಿಂದ ಬರಬೇಕು, ಹಸುವಿಗೆ ಬೂಸಾ ಹಾಕಬೇಕು. "ಫ್ಯಾಕ್ಟರಿ ಇದೆ, ಸಂಬಳ ಕೊಡ್ತಾರೆ, ಬಂದಷ್ಟಕ್ಕೆ ಕೊಡಿ" ಅನ್ನೋ ಮಾತಿನಲ್ಲಿ ಆ 45 ರೂಪಾಯಿಯಷ್ಟು ಮಾತ್ರ ಸತ್ಯ ಇದೆ. ಅದರಾಚೆಗೆ ಒಂದು ರೂಪಾಯಿ ಇಳಿಸಿದರೂ ಅದು ಯಾರದ್ದೋ ಜೇಬಿನಿಂದಲೇ ಬರಬೇಕು.

ಇದೇ ಡೈರಿಗೆ ಬೇರೆ ಥರದ ಆರ್ಡರ್ ಬಂದರೆ ಕಥೆಯೇ ಬೇರೆ. ಅಕ್ಕಪಕ್ಕದ ಒಕ್ಕೂಟದವರು ನಮ್ಮಲ್ಲಿ ಹಾಲು ಜಾಸ್ತಿ ಆಗಿದೆ, ನಿಮ್ಮ ಪೌಡರ್ ಪ್ಲಾಂಟಿನಲ್ಲಿ ಪುಡಿ ಮಾಡಿಕೊಡಿ ಅಂತ ಟ್ಯಾಂಕರ್ ಕಳಿಸ್ತಾರೆ ಅನ್ನಿ. ಜಾಬ್ ವರ್ಕ್. ಹಾಲು ಅವರದ್ದು, ಪುಡಿ ಅವರದ್ದು, ನಮ್ಮದು ಬರೀ ಒಣಗಿಸಿಕೊಡೋ ಕೆಲಸ. ಕೆಜಿ ಪುಡಿಗೆ ನಮ್ಮ ಪೂರ್ತಿ ಖರ್ಚು 30 ರೂಪಾಯಿ, ಅದರಲ್ಲಿ ಸಂಬಳ, ಸವಕಳಿ, ಬಡ್ಡಿ ಎಲ್ಲ ಸೇರಿ 16 ಅಂದ್ಕೊಂಡರೆ, ಹೊಸ ಖರ್ಚು 14 ಮಾತ್ರ. ಅವರು 22 ಕೊಡ್ತೀವಿ ಅಂದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಇಲ್ಲಿ ಖಾಲಿ ಮೆಷಿನ್ ಲೆಕ್ಕ ಅರ್ಧಕ್ಕಿಂತ ಜಾಸ್ತಿ ಖರ್ಚನ್ನು ತೊಡೆದುಹಾಕಿತು. ಒಂದೇ ಕಾಂಪೌಂಡು, ಒಂದೇ ಬಾಯ್ಲರು, ಅದೇ ನೌಕರರು. ಒಂದು ಕಡೆ ನಿಯಮ ಆನೆ, ಇನ್ನೊಂದು ಕಡೆ ಅದೇ ನಿಯಮ ಇರುವೆ. ಯಾವ ಮಾಲಿನಲ್ಲಿ ಕಚ್ಚಾ ಸಾಮಗ್ರಿಯ ಪಾಲು ಎಷ್ಟು ಅಂತ ನೋಡದೆ "ಐಡಲ್ ಕೆಪಾಸಿಟಿ" ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟರೆ ಲೆಕ್ಕ ಆಗಲ್ಲ.

ಇನ್ನು ನಿಜವಾದ ಗಂಟು ಇರೋದು ಆ 443ರಲ್ಲಿ. ಬೆಣ್ಣೆಯ ಬೆಲೆ 360 ಅಂತ ಎಲ್ಲಿಂದ ತಂದೆ? ಕಾಸ್ಟ್ ಶೀಟಿನಿಂದ. ಅಂದರೆ ಯಾವತ್ತೋ ಮಾಡಿಟ್ಟ ಬೆಣ್ಣೆಗೆ ಬಿದ್ದ ಖರ್ಚು. ಆರ್ಡರ್ ಒಪ್ಪಬೇಕಾ ಬಿಡಬೇಕಾ ಅನ್ನೋ ತೀರ್ಮಾನಕ್ಕೆ ಆ ಬೆಲೆ ಉಪಯೋಗಕ್ಕೆ ಬರಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಬೆಣ್ಣೆಯನ್ನು ದೇವಸ್ಥಾನದ ತುಪ್ಪಕ್ಕೆ ಹಾಕದೇ ಇದ್ದರೆ ಅದರಿಂದ ಎಷ್ಟು ದುಡ್ಡು ಬರ್ತಿತ್ತು? ಬೇರೆ ಡೈರಿಗೆ ಬೆಣ್ಣೆಯಾಗಿಯೇ ಮಾರಬಹುದಿತ್ತಾ? ನಮ್ಮದೇ ಪ್ಯಾಕೆಟ್ ತುಪ್ಪವಾಗಿ ಅಂಗಡಿಗೆ ಹೋಗ್ತಿತ್ತಾ? ಆ ಬಿಟ್ಟುಕೊಟ್ಟ ದುಡ್ಡೇ ಈ ಆರ್ಡರಿನ ಬೆಣ್ಣೆಯ ಖರ್ಚು.

(ಹಾಲಿನಿಂದಲೇ ಲೆಕ್ಕ ಶುರು ಮಾಡಬಾರದಾ ಅಂತ ಕೆಲವರು ಕೇಳ್ತಾರೆ. ಮಾಡಬಹುದು, ಆದರೆ ನೂರಕ್ಕೆ ಮೂರೂವರೆ ಜಿಡ್ಡಿರೋ ಹಾಲಾದರೆ ಒಂದು ಕೆಜಿ ತುಪ್ಪಕ್ಕೆ ಸುಮಾರು 29 ಕೆಜಿ ಬೇಕು, ಜಿಡ್ಡು ತೆಗೆದ ಮೇಲೆ ಉಳಿದ ಹಾಲು ಪುಡಿಯಾಗತ್ತೆ, ಆ ಪುಡಿಗೊಂದು ಬೆಲೆ, ಅದನ್ನು ಕಳೆದು ಉಳಿದದ್ದು ತುಪ್ಪದ ಖರ್ಚು ಅನ್ನಬೇಕು. ಪುಡಿಯ ಬೆಲೆ ಬಿದ್ದ ದಿನ ತುಪ್ಪ ದುಬಾರಿ ಅಂತ ಶೀಟು ಹೇಳತ್ತೆ, ಎದ್ದ ದಿನ ಅಗ್ಗ ಅನ್ನತ್ತೆ. ತುಪ್ಪ ಮಾತ್ರ ಅದೇ ತುಪ್ಪ. ಅದಕ್ಕೇ ನಾನು ಬೆಣ್ಣೆಯಿಂದ ಶುರು ಮಾಡಿದ್ದು.)

ಈಗ 2023 ಮತ್ತು 2024ನ್ನು ಅಕ್ಕಪಕ್ಕ ಇಟ್ಟು ನೋಡಿ, ಎಲ್ಲ ಬಿಚ್ಚಿಕೊಳ್ಳತ್ತೆ.

2022ರಲ್ಲಿ ಚರ್ಮಗಂಟು ರೋಗ ಬಂದಿದ್ದು ಹಳ್ಳಿಯಲ್ಲಿರೋರಿಗೆ ಮರೆತಿರಲ್ಲ. ಹಸುವಿನ ಮೈತುಂಬ ಗಂಟು, ಜ್ವರ, ಕೆಚ್ಚಲು ಒಣಗಿತು. ಸತ್ತ ಹಸುವಿನ ಲೆಕ್ಕ ಒಂದಾದರೆ, ಬದುಕಿ ಹಾಲು ಕಡಿಮೆ ಮಾಡಿದ ಹಸುವಿನ ಲೆಕ್ಕ ಇನ್ನೊಂದು. ಮುಂದಿನ ಬೇಸಿಗೆ ಹೊತ್ತಿಗೆ ಹಾಲು ಇಳಿದಿತ್ತು, 2023ರ ಮೊದಲ ತಿಂಗಳುಗಳಲ್ಲಿ ನಂದಿನಿ ಬೆಣ್ಣೆ, ತುಪ್ಪ ಎಷ್ಟೋ ಅಂಗಡಿಯಲ್ಲಿ ಸಿಗ್ತಿರಲಿಲ್ಲ. ದೇಶದಲ್ಲೆಲ್ಲ ಬೆಣ್ಣೆಗೆ ಬೇಡಿಕೆ, ಬೆಲೆ ಮೇಲೆ. ಅಂಥಾ ಹೊತ್ತಿನಲ್ಲಿ ತುಪ್ಪದ ಕಡಾಯಿ ಖಾಲಿ ಇತ್ತು ಅಂತಲೇ ಇಟ್ಕೊಳ್ಳಿ. ಯಾಕೆ ಖಾಲಿ? ಗಿರಾಕಿ ಇಲ್ಲ ಅಂತಾನಾ? ಕಾಯಿಸೋಕ್ಕೆ ಬೆಣ್ಣೆ ಇಲ್ಲ ಅಂತ! ಇಂಥಾ ಖಾಲಿತನಕ್ಕೆ ಪುಸ್ತಕದ ನಿಯಮ ಅನ್ವಯಿಸಲ್ಲ. ಮನೆಯಲ್ಲಿ ಅಕ್ಕಿ ಇಲ್ಲದಾಗ ಪಾತ್ರೆ ಖಾಲಿ ಇದೆ, ನೆಂಟರನ್ನ ಊಟಕ್ಕೆ ಕರಿಯೋಣ ಅಂದ ಹಾಗೆ.

ನಮ್ಮ ಡೈರಿಯ ಲೆಕ್ಕದಲ್ಲಿ ಆ ದಿನದ ಬೆಣ್ಣೆ ಬೆಲೆ 390 ಅಂತ ಹಾಕಿ. 1.23ರಿಂದ ಗುಣಿಸಿದರೆ 480, ಮಿಕ್ಕ ಹೊಸ ಖರ್ಚು 17, ಒಟ್ಟು 497. ದೇವಸ್ಥಾನದ 485ಕ್ಕೆ ಒಪ್ಪಿದರೆ ಕೆಜಿಗೆ 12 ರೂಪಾಯಿ ಕೈಬಿಡತ್ತೆ, 100 ಟನ್ನಿಗೆ 12 ಲಕ್ಷ. ಕೋಲ್ಡ್ ಸ್ಟೋರಿನಲ್ಲಿರೋ ಬೆಣ್ಣೆಗೆ ನಮ್ಮ ಪುಸ್ತಕದಲ್ಲಿ 360 ಅಂತಲೇ ಬರೆದಿರಬಹುದು, ಅದನ್ನು ನೋಡಿಕೊಂಡು ಲಾಭ ಆಯ್ತು ಅಂತ ಮೀಟಿಂಗಿನಲ್ಲಿ ಹೇಳಬಹುದು. ಆದರೆ ಅದೇ ಬೆಣ್ಣೆಯನ್ನು ಪೇಟೆಗೆ ಬಿಟ್ಟಿದ್ರೆ ಹೆಚ್ಚು ಬರ್ತಿತ್ತು ಅನ್ನೋದು ಸುಳ್ಳಾಗಲ್ಲ.

ಒಂದೇ ವರ್ಷ ಕಳೀತು. 2024ರ ಮುಂಗಾರಿಗೆ ಹಾಲು ಉಕ್ಕಿ ಬಂತು. ಜೂನ್ ಕೊನೆ ಹೊತ್ತಿಗೆ ಕೆಎಂಎಫ್‌ನ ದಿನದ ಹಾಲು 1 ಕೋಟಿ ಲೀಟರ್ ಮುಟ್ಟಿತು. ಹಾಲು ಎಲ್ಲಿ ಹಾಕೋದು ಅಂತ ಪ್ಯಾಕೆಟ್ಟಿಗೆ 50 ಮಿಲಿ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದ್ದು ನೆನಪಿದೆಯಲ್ಲಾ? ಬೇಕೋ ಬೇಡವೋ, ಎಲ್ಲರ ಮನೆಗೂ 50 ಮಿಲಿ ಹೆಚ್ಚು! ದೇಶದಲ್ಲೂ ಬೆಣ್ಣೆ ಬೆಲೆ ಹಿಂದಿನ ವರ್ಷಕ್ಕಿಂತ ಇಳಿದಿತ್ತು. ಇಂಥಾ ಹೊತ್ತಿನಲ್ಲಿ ಬೆಣ್ಣೆ ಕೋಲ್ಡ್ ಸ್ಟೋರಿಗೆ ಹೋಗತ್ತೆ, ಅದಕ್ಕೆ ಬಾಡಿಗೆ, ಅದರಲ್ಲಿ ಸಿಕ್ಕಿಬಿದ್ದ ದುಡ್ಡಿಗೆ ಬಡ್ಡಿ. ನಮ್ಮ ಡೈರಿಯಲ್ಲಿ ಈಗ ಬೆಣ್ಣೆಗೆ 310 ಸಿಕ್ಕರೆ ಹೆಚ್ಚು ಅನ್ನೋಣ. ಹಾಗಾದ್ರೆ ಬೆಣ್ಣೆ 381, ಮೇಲೆ 17, ಒಟ್ಟು 398. ಅದೇ ದೇವಸ್ಥಾನ, ಅದೇ 485, ಅದೇ ಕಡಾಯಿ. ಕೆಜಿಗೆ 87 ರೂಪಾಯಿ ಉಳಿಕೆ, 100 ಟನ್ನಿಗೆ 87 ಲಕ್ಷ. ಒಪ್ಪದೇ ಇದ್ದರೆ ಅವರನ್ನ ಏನನ್ನಬೇಕೋ ನೀವೇ ಹೇಳಿ.

ಕಾಸ್ಟ್ ಶೀಟ್ ಮಾತ್ರ ಎರಡೂ ವರ್ಷ ಲಾಸ್ ಲಾಸ್ ಅಂತ ಗಿಣಿಪಾಠ ಒಪ್ಪಿಸ್ತಿತ್ತು. "ಬಂದಷ್ಟಕ್ಕೆ ಕೊಡಿ" ಗುಂಪು ಎರಡೂ ವರ್ಷ ಕೊಡಿ ಕೊಡಿ ಅಂತಿತ್ತು. 2023ರಲ್ಲಿ ಬಿಟ್ಟಿದ್ದೂ ಸರಿ, 2024ರಲ್ಲಿ ಹಿಡಿದಿದ್ದೂ ಸರಿ ಆಗಬಹುದು ಅನ್ನೋದು ಇಬ್ಬರಿಗೂ ಹೊಳೆಯಲ್ಲ. ಕೆಎಂಎಫ್‌ನವರು ಈ ಲೆಕ್ಕ ಹಾಕಿಯೇ ತೀರ್ಮಾನ ಮಾಡಿದರು ಅಂತ ನಾನು ಹೇಳ್ತಿಲ್ಲ. ಹೊರಗೆ ಅವರು ಕೊಟ್ಟ ಕಾರಣ ಎರಡನೇ ಗುಂಪಿನ ಕಾರಣಕ್ಕೇ ಹತ್ತಿರ ಇತ್ತು. ತೀರ್ಮಾನ ಸರಿ ಇದ್ದು ಕಾರಣ ತಪ್ಪಿದ್ದರೆ ಮುಂದಿನ ಸಲ ತೀರ್ಮಾನವೂ ತಪ್ಪೋ ಅಪಾಯ ಇದೆ, ಅದಕ್ಕೇ ಈ ಕೂಗಾಟ.

ಈಗ ಆ 320 ರೂಪಾಯಿ ತುಪ್ಪದ ಕಡೆಗೊಂದು ಸಲ ತಿರುಗಿ. ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ, ಅದನ್ನು ನೋಡೋಕ್ಕೆ ತನಿಖೆ, ಕೋರ್ಟು ಇವೆ. ಲೆಕ್ಕ ಮಾತ್ರ ಹೇಳ್ತೀನಿ. 320ರಲ್ಲಿ 17 ಕಳೆದು 1.23ರಿಂದ ಭಾಗಿಸಿ. 246 ಬಂತು. ಅಂದರೆ ನಮ್ಮ ಡೈರಿಯ ಹಾಗೆ ಸಂಬಳ, ಸವಕಳಿ, ಬಡ್ಡಿ, ಲಾಭ ಎಲ್ಲವನ್ನೂ ಸೊನ್ನೆ ಮಾಡಿಕೊಂಡು, ಬರೀ ಖಾಲಿ ಕಡಾಯಿಯ ಪುಣ್ಯದಿಂದ ತುಪ್ಪ ಕೊಡೋನಿಗೂ ಬೆಣ್ಣೆ 246ಕ್ಕೆ ಸಿಗಬೇಕು. ಖಾಲಿ ಕಡಾಯಿ ಕೊಡಬಹುದಾದ ರಿಯಾಯ್ತಿ 45 ರೂಪಾಯಿ ಅಂತ ಆಗಲೇ ನೋಡಿದ್ವಲ್ಲ, ಅದು ಮುಗಿದ ಮೇಲೂ ದರ ಇಳೀತಿದ್ರೆ ಅದಕ್ಕೆ ಬೇರೆ ಕಾರಣ ಇರಬೇಕು. ಕೊಳ್ಳೋರಿಗೆ ಇದೇ ಅತಿ ಸುಲಭದ ಪರೀಕ್ಷೆ. ಟೆಂಡರ್ ತೆರೆದ ದಿನದ ಬೆಣ್ಣೆ ಬೆಲೆಯನ್ನು 1.23ರಿಂದ ಗುಣಿಸಿ. ಯಾವನಾದರೂ ಅದಕ್ಕಿಂತ ಕೆಳಗೆ ದರ ಹಾಕಿದ್ದರೆ "ಎಲ್1" ಅಂತ ಖುಷಿ ಪಡೋ ಮೊದಲು ಲ್ಯಾಬಿಗೆ ಫೋನ್ ಮಾಡಿ.

"ದೇವರ ಕೆಲಸ ಕಣ್ರೀ, ತಿಮ್ಮಪ್ಪನ ಹತ್ರಾನೂ ಲಾಭ ನೋಡ್ತೀರಾ?" ಅನ್ನೋರಿಗೆ ಒಂದು ಮಾತು. ಕೊಡಬೇಕು ಅನ್ನಿಸಿದ್ರೆ ಕೊಡಿ, ಸಂತೋಷ. ಆದರೆ ಅದನ್ನು ದಾನ ಅಂತ ಬರೀರಿ, ಸಂಘದ ಸಭೆಯಲ್ಲಿ ಹಾಲು ಹಾಕೋರ ಒಪ್ಪಿಗೆ ತಗೊಂಡು ಬರೀರಿ. ದಾನವನ್ನು ತಂದು ಕಾಸ್ಟಿಂಗ್ ಅನ್ನೋ ಹೆಸರಲ್ಲಿ ಬಚ್ಚಿಡಬೇಡಿ.

ಹಾಲು ಹಾಕೋರ ಮಾತು ಬಂತು, ನನಗೆ ಸಿಟ್ಟು ಬರೋದು ಇಲ್ಲೇ. ಖಾಸಗಿ ಫ್ಯಾಕ್ಟರಿಯಲ್ಲಿ ಕಚ್ಚಾ ಸಾಮಗ್ರಿ ಬರೀ ಖರ್ಚು. ಅದನ್ನು ಎಷ್ಟು ಅಗ್ಗಕ್ಕೆ ತಂದರೂ ಮಾಲೀಕ ಜಾಣ ಅನ್ನಿಸಿಕೊಳ್ತಾನೆ. ಹಾಲಿನ ಸಹಕಾರ ಸಂಘದಲ್ಲಿ ಹಾಗಲ್ಲ. ಒಕ್ಕೂಟದ ಕಾಸ್ಟ್ ಶೀಟಿನಲ್ಲಿ "ಹಾಲಿನ ಖರ್ಚು" ಅಂತ ಬರೆದಿರೋ ಸಾಲೇ ಕೊರವಂಗಲದಲ್ಲಿ ಬೆಳಿಗ್ಗೆ ಎದ್ದು ಹುಲ್ಲು ಕೊಯ್ದು ತಂದವರ ಸಂಪಾದನೆ. ಮಾಲೀಕರೂ ಅವರೇ, ಕಚ್ಚಾ ಸಾಮಗ್ರಿ ಕೊಡೋರೂ ಅವರೇ. ದೊಡ್ಡ ಆರ್ಡರ್ ಹಿಡಿಯೋಕ್ಕೆ ಅಂತ ಲೀಟರಿಗೆ 1 ರೂಪಾಯಿ ಕಡಿಮೆ ಮಾಡಿ, ಆಮೇಲೆ ನೋಡಿ ಆರ್ಡರಿನಲ್ಲಿ ಲಾಭ ಬಂತು ಅಂದರೆ, ಅದು ಮನೆಯೊಡತಿಯ ತಾಳಿ ಅಡವಿಟ್ಟು ಮನೆಗೆ ದುಡ್ಡು ತಂದೆ ಅಂದ ಹಾಗೆ. ಹೊಸ ಖರ್ಚು ಎಷ್ಟು ಅಂತ ಕೇಳೋವಾಗ ಯಾರಿಗೆ ಹೊಸ ಖರ್ಚು ಅಂತಲೂ ಕೇಳಬೇಕು. ಒಕ್ಕೂಟದ ಖರ್ಚು ಇಳಿದು ಸದಸ್ಯನ ಆದಾಯವೂ ಇಳಿದಿದ್ದರೆ ಅಲ್ಲಿ ಏನೂ ಉಳೀಲಿಲ್ಲ, ಎಡಗೈ ದುಡ್ಡು ಬಲಗೈಗೆ ಹೋಯ್ತು, ಮಧ್ಯೆ ದೇವಸ್ಥಾನಕ್ಕೆ ಸ್ವಲ್ಪ ಚೆಲ್ಲಿತು.

ಇನ್ನೊಂದು ಕಡೆ ಈ ಲೆಕ್ಕ ಕೈಕೊಡೋದು ಅವಧಿಯಲ್ಲಿ. ನಾನು ಹೇಳಿದ್ದು 25 ದಿನದ ಆರ್ಡರು. ನಿಜವಾದ ಟೆಂಡರುಗಳು ತಿಂಗಳುಗಟ್ಟಲೆ ನಡೀತವೆ, ದರ ಮಾತ್ರ ಮೊದಲ ದಿನವೇ ಗೂಟ ಹೊಡೆದ ಹಾಗೆ ನಿಂತಿರತ್ತೆ. ಮಳೆಗಾಲದಲ್ಲಿ ಹಸಿರು ಮೇವು ಬಂದು ಹಾಲು ಉಕ್ಕಿದಾಗ 485 ಒಪ್ಪಿಕೊಂಡಿರಿ. ಮಾರ್ಚಿಗೆ ಮೇವು ಒಣಗಿತು, ಹಾಲು ಇಳಿಯಿತು, ಬೆಣ್ಣೆ 390ಕ್ಕೆ ಏರಿತು, ಮೊಸರು ಮಜ್ಜಿಗೆಗೆ ಬೇಡಿಕೆ ಎದ್ದಿತು. ಈಗ ಕಡಾಯಿಯೂ ಖಾಲಿ ಇಲ್ಲ, ಬೆಣ್ಣೆಯೂ ಇಲ್ಲ, ಟ್ಯಾಂಕರ್ ಮಾತ್ರ ಗೇಟಿನಲ್ಲಿ ನಿಂತಿದೆ. ಆರ್ಡರ್ ಪೂರೈಸೋಕ್ಕೆ ಅಂಗಡಿಯ ಪ್ಯಾಕೆಟ್ ತುಪ್ಪ ಕಡಿಮೆ ಮಾಡ್ತೀರಿ. ಒಂದು ಕೆಜಿ ಪ್ಯಾಕೆಟ್ಟಿನಲ್ಲಿ ಉಳೀತಿದ್ದ ದುಡ್ಡು ಹೋಯ್ತು, ಜೊತೆಗೆ ಅಂಗಡಿಯಲ್ಲಿ ನಂದಿನಿ ಸಿಗದೇ ಬೇರೆ ಬ್ರಾಂಡ್ ಒಯ್ದ ಗಿರಾಕಿ ವಾಪಸ್ ಬರ್ತಾನೋ ಇಲ್ಲವೋ. ಮೊದಲ ತಿಂಗಳು ವಿಶೇಷ ಆರ್ಡರ್ ಆಗಿದ್ದದ್ದು ಆರನೇ ತಿಂಗಳಿಗೆ ಮಾಮೂಲಿ ಆರ್ಡರ್ ಆಗಿರತ್ತೆ, ದರ ಮಾತ್ರ ವಿಶೇಷವಾಗಿಯೇ ಉಳಿದಿರತ್ತೆ.

ಇದು ಬರ್ತಿದೆ ಅಂತ ಗೊತ್ತಾಗೋದು ಹೇಗೆ? ಕಾಸ್ಟ್ ಶೀಟ್ ನೋಡಿದರೆ ಗೊತ್ತಾಗಲ್ಲ, ಅದು ತಿಂಗಳು ತಡವಾಗಿ ಬರೋ ಪೋಸ್ಟ್ ಕಾರ್ಡು. ಕೋಲ್ಡ್ ಸ್ಟೋರಿನ ರಿಜಿಸ್ಟರ್ ತೆಗೀರಿ. ಕಡಾಯಿ ಖಾಲಿ, ಬೆಣ್ಣೆಯ ದಾಸ್ತಾನು ವಾರದಿಂದ ವಾರಕ್ಕೆ ಏರ್ತಾ ಇದೆ ಅಂದ್ರೆ ಖಾಲಿತನ ನಿಜ, ಹೊಸ ಗಿರಾಕಿಯನ್ನ ಕೂರಿಸಿ ಕಾಫಿ ಕೊಡಿ. ಕಡಾಯಿ ಖಾಲಿ, ದಾಸ್ತಾನೂ ಇಳೀತಾ ಇದೆ ಅಂದ್ರೆ ನಿಮಗೆ ಸಿಗದೇ ಇರೋದು ಗಿರಾಕಿ ಅಲ್ಲ, ಜಿಡ್ಡು. ಆಗ ದರ ಇಳಿಸೋ ಮಾತೇ ಎತ್ತಬೇಡಿ. ಎರಡು ರಿಜಿಸ್ಟರ್ ಪಕ್ಕಪಕ್ಕ ಇಟ್ಟು ನೋಡೋಕ್ಕೆ ಹತ್ತು ನಿಮಿಷ ಸಾಕು, ಯಾವ ಕನ್ಸಲ್ಟೆಂಟೂ ಬೇಡ. ಆದರೆ ಕಡಾಯಿಯ ಪುಸ್ತಕ ಪ್ರೊಡಕ್ಷನ್‌ನವರ ಟೇಬಲ್ಲಿನಲ್ಲಿ, ಬೆಣ್ಣೆಯ ಪುಸ್ತಕ ಸ್ಟೋರಿನಲ್ಲಿ, ಟೆಂಡರ್ ಫೈಲು ಮಾರ್ಕೆಟಿಂಗ್‌ನಲ್ಲಿ. ಮೂವರೂ ಒಂದೇ ಮೇಜಿಗೆ ಬರೋದು ಆಯುಧಪೂಜೆ ದಿನ ಮಾತ್ರ :(

ಹಾಗಾದ್ರೆ ಟೆಂಡರ್ ಹಾಕೋದು ಹೇಗೆ ಅಂತೀರಾ? ವರ್ಷಕ್ಕೆಲ್ಲ ಒಂದೇ ದರ ಬರೆಯೋ ಬದಲು ದರವನ್ನ ಎರಡು ತುಂಡು ಮಾಡಿ ಕೇಳಬೇಕು. ಆ ತಿಂಗಳ ಬೆಣ್ಣೆ ಬೆಲೆಯ 1.23ರಷ್ಟು ಒಂದು ತುಂಡು, ಅದು ಪೇಟೆ ಜೊತೆ ಏರಲಿ ಇಳಿಯಲಿ. ಕಾಯಿಸಿ, ಪರೀಕ್ಷೆ ಮಾಡಿ, ಟ್ಯಾಂಕರಿನಲ್ಲಿ ತಲುಪಿಸೋದಕ್ಕೆ ಇನ್ನೊಂದು ತುಂಡು, ಅದು ಗುತ್ತಿಗೆ ಮುಗಿಯೋವರೆಗೂ ಕದಲಬಾರದು. ಪೈಪೋಟಿ ಈ ಎರಡನೇ ತುಂಡಿನ ಮೇಲೆ ಮಾತ್ರ ನಡೀಲಿ. ಖಾಲಿ ಕಡಾಯಿ ಇರೋನು ಇಲ್ಲಿ 17ರ ತನಕ ಇಳಿದು ಹೊಡೆದಾಡಲಿ, ಅದು ಅವನ ನ್ಯಾಯವಾದ ಶಕ್ತಿ. ಹಾಲು ಹೆಚ್ಚಿರೋ ತಿಂಗಳು ಜಾಸ್ತಿ ಟನ್, ಬೇಸಿಗೆಯಲ್ಲಿ ಕಡಿಮೆ ಟನ್ ಅಂತ ತಿಂಗಳುವಾರು ಪಟ್ಟಿಯನ್ನೂ ಮೊದಲೇ ಒಪ್ಪಿಸಿಕೊಂಡರೆ ಇನ್ನೂ ಒಳ್ಳೆಯದು. ಹೀಗೆ ಮಾಡಿದರೆ ಜಿಡ್ಡಿನ ಬೆಲೆಯ ಮೇಲೆ ಯಾರೂ ಜೂಜಾಡೋ ಹಾಗಿಲ್ಲ, 246ಕ್ಕೆ ಬೆಣ್ಣೆ ಸಿಕ್ಕಿತು ಅನ್ನೋ ಮಾಯಾಜಾಲಕ್ಕೂ ಟೆಂಡರಿನಲ್ಲಿ ಜಾಗ ಇರಲ್ಲ.

"ಎಲ್1 ನಿಯಮ ಇದಕ್ಕೆ ಒಪ್ಪಲ್ಲ ಸಾರ್" ಅಂತ ಯಾರಾದರೂ ಕಾಮೆಂಟ್ ಹಾಕ್ತೀರಿ ಅಂತ ಗೊತ್ತು. ಡೀಸೆಲ್ ಬೆಲೆ ಏರಿದರೆ ರಸ್ತೆ ಕಂಟ್ರಾಕ್ಟರಿಗೆ ದರ ಏರಿಸಿಕೊಡೋ ಕಲಮು ಸರ್ಕಾರಿ ಟೆಂಡರುಗಳಲ್ಲಿ ಎಷ್ಟೋ ಕಾಲದಿಂದ ಇದೆ. ಜಲ್ಲಿ, ಡಾಂಬರಿಗೆ ಆಗೋದು ತುಪ್ಪಕ್ಕೆ ಯಾಕೆ ಆಗಲ್ಲ, ಅದನ್ನ ಮೊದಲು ಹೇಳಿ.